500ರಲ್ಲಿ 236 ಹೋದರೆ 336 ಉಳಿಯುತ್ತಾ?

ಒಟ್ಟು ಹನ್ನೆರಡು ಲೆಕ್ಕ. ಐದು ಸರಿ, ಆರು ತಪ್ಪು, ಒಂದು ಓದೋಕೇ ಆಗಲಿಲ್ಲ. ಭಾನುವಾರ ರಾತ್ರಿ ವಾಟ್ಸಾಪ್‌ಗೆ ಬಂದ ಆ ವರ್ಕ್‌ಶೀಟ್ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡುತ್ತಾ ಕೂತಾಗ ನನಗೆ ಹೊಳೆದಿದ್ದು ಇಷ್ಟು: ತಪ್ಪುಗಳು ಆರು ಇರಬಹುದು, ಆದರೆ ಅವುಗಳ ಹಿಂದಿರುವ ಕಾರಣ ಎರಡೇ ಎರಡು.

ಹುಡುಗ ಏಳನೇ ಕ್ಲಾಸು. ಅವನ ಅಮ್ಮ ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುತ್ತಾರೆ. ಚಾಮರಾಜಪೇಟೆಯ ನಮ್ಮ ಮನೆಯಿಂದ ಮಾರ್ಕೆಟ್ ನಡೆದು ಹೋಗುವಷ್ಟು ಹತ್ತಿರ. ಹಬ್ಬದ ಹಿಂದಿನ ದಿನ ಸೇವಂತಿಗೆ ತರಲು ಹೋಗಿ ಹೋಗಿ ಪರಿಚಯವಾದವರು. ಬೆಳಗಿನ ಜಾವ ಅಮ್ಮನ ಜೊತೆ ಹುಡುಗನೂ ಬರುತ್ತಾನೆ. ಕಾಕಡ ಮೊಳ ಹಾಕಿ ಕೊಡುವುದು, ಬಿಡಿ ಹೂವು ತೂಗುವುದು, ಚಿಲ್ಲರೆ ಎಣಿಸುವುದು ಎಲ್ಲಾ ಅವನದೇ. ಅವನು ಕ್ಯಾಲ್ಕುಲೇಟರ್ ಮುಟ್ಟಿದ್ದನ್ನು ನಾನು ನೋಡಿಲ್ಲ.

ಈ ಸಲದ ಪ್ರಗತಿ ಪತ್ರದಲ್ಲಿ ಗಣಿತದ ಎದುರು ‘ಮೂಲಕ್ರಿಯೆಗಳೇ ಬರುವುದಿಲ್ಲ’ ಅಂತ ಬರೆದು ಕಳಿಸಿದ್ದರು. ಅಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. “ಕೂಡೋದು ಕಳೆಯೋದೇ ಬರಲ್ಲ ಅಂದ್ಮೇಲೆ ಎಸ್ಸೆಸ್ಸೆಲ್ಸಿ ತನಕ ಎಳ್ದು ಏನ್ ಮಾಡೋದಕ್ಕಾ, ಈಗಿಂದಾನೇ ಅಂಗಡೀಲಿ ಕೂರ್ಲಿ ಬಿಡಿ” ಅಂದರು. ಆಫೀಸು ಮುಗಿಸಿ ವಾರಕ್ಕೆ ಎರಡು ದಿನ ಅವನಿಗೆ ಪಾಠ ಹೇಳಲು ಶುರು ಮಾಡಿದ್ದು ಆಮೇಲೆ. ನಡುವಿನ ದಿನಗಳಲ್ಲಿ ಅವನು ಲೆಕ್ಕ ಮಾಡಿ ಫೋಟೋ ಕಳಿಸುತ್ತಾನೆ, ನಾನು ತಿದ್ದಿ ವಾಪಸ್ ಕಳಿಸುತ್ತೇನೆ. ಈ ಸಲ ಬರೀ ಕೆಂಪು ಗೀಟು ಹಾಕಿ ಕಳಿಸಿದರೆ ಸಾಲದು ಅನ್ನಿಸಿ ಉದ್ದದ ಟಿಪ್ಪಣಿಯನ್ನೇ ಬರೆದೆ. ವಾಯ್ಸ್ ಮೆಸೇಜ್ ಆದರೆ ಕೇಳಿ ಮರೆತುಬಿಡುತ್ತಾನೆ. ಬರೆದಿದ್ದಾದರೆ ಶೀಟಿನ ಪಕ್ಕ ಇಟ್ಟುಕೊಂಡು ನೋಡಬಹುದು. ಅವನನ್ನೂ ಅವನ ಅಮ್ಮನನ್ನೂ ಕೇಳಿ, ಹೆಸರು ತೆಗೆದು, ಇಲ್ಲಿ ಹಾಕುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಕ್ಕನ ಮಗನೋ ತಂಗಿಯೋ ಇಂಥ ಫೋಟೋ ಕಳಿಸುವವರಿದ್ದರೆ ಉಪಯೋಗಕ್ಕೆ ಬಂದೀತು.

* * *

ಪುಟ್ಟ,

ಶೀಟು ನೋಡಿದೆ. ಮೊದಲು ಫೋಟೋ ವಿಷಯ ಹೇಳಿಬಿಡ್ತೀನಿ. 9ನೇ ಲೆಕ್ಕ ನಾನು ತಿದ್ದಿಲ್ಲ, ತಪ್ಪು ಅಂತಾನೂ ಹಾಕಿಲ್ಲ. ನೀನು ಬರೆದಿರೋದು 2.5 ಕೆಜಿಯೋ 25 ಕೆಜಿಯೋ ಗೊತ್ತಾಗ್ತಿಲ್ಲ. ಅಲ್ಲಿ ನಿನ್ನ ಫೋನಿನ ನೆರಳು ಬಿದ್ದಿದೆ. ವಾಟ್ಸಾಪ್ ಬೇರೆ ಫೋಟೋನ ಕುಗ್ಗಿಸಿ ಕಳಿಸುತ್ತೆ, ಪೆನ್ಸಿಲ್‌ನಲ್ಲಿಟ್ಟ ಚುಕ್ಕಿ ಅಷ್ಟರಲ್ಲೇ ಮಾಯ ಆಗುತ್ತೆ. ಕೆಜಿಗೆ 80 ರೂಪಾಯಿ ಆದ್ರೆ ಒಂದರಲ್ಲಿ 200 ಬರುತ್ತೆ, ಇನ್ನೊಂದರಲ್ಲಿ 2000. ಚುಕ್ಕಿ ಸ್ವಲ್ಪ ಒತ್ತಿ ಇಡು. ಕಿಟಕಿ ಪಕ್ಕ ನೆಲದ ಮೇಲೆ ಹಾಳೆ ಇಟ್ಟು, ನೇರ ಮೇಲಿಂದ ಫೋಟೋ ತೆಗಿ. ಕಳಿಸುವಾಗ ಎಚ್‌ಡಿ ಅಂತ ಇರೋದನ್ನ ಒತ್ತು.

ಇನ್ನೊಂದು ವಿಷಯ. ಹಾಳೆಯ ಬಲಗಡೆ ಏನೋ ಬರೆದು ರಬ್ಬರ್‌ನಲ್ಲಿ ಉಜ್ಜಿದ್ದೀಯ. ಉಜ್ಜಬೇಡ. ನನಗೆ ಉತ್ತರಕ್ಕಿಂತ ಅದೇ ಹೆಚ್ಚು ಬೇಕು. ಉತ್ತರ ತಪ್ಪಾಗಿದೆ ಅಂತ ಹೇಳೋಕೆ ಯಾರಾದ್ರೂ ಸಾಕು. ಎಲ್ಲಿ ತಪ್ಪಿತು ಅಂತ ಕಾಣಿಸೋದು ಆ ಉಜ್ಜಿದ ಜಾಗದಲ್ಲೇ.

ಈಗ ಕಳೆಯೋ ಲೆಕ್ಕ. ನೀನು ಬರೆದಿರೋದನ್ನೇ ಕೆಳಗೆ ಒಟ್ಟಿಗೆ ಹಾಕಿದ್ದೀನಿ, ನೋಡು.

682 − 351 = 331
72 − 38 = 46
500 − 236 = 336
403 − 178 = 375
100 − 63 = 37

ಮೊದಲನೆಯದೂ ಕೊನೆಯದೂ ಸರಿ, ಮಧ್ಯದ ಮೂರು ತಪ್ಪು. ಆದ್ರೆ ನೀನು ಬಾಯಿಗೆ ಬಂದಿದ್ದು ಬರೆದಿಲ್ಲ, ಮೂರರಲ್ಲೂ ಒಂದೇ ಕೆಲಸ ಮಾಡಿದ್ದೀಯ. 72 − 38 ತಗೋ. ಬಿಡಿ ಸ್ಥಾನದಲ್ಲಿ ಮೇಲೆ 2, ಕೆಳಗೆ 8. ಎರಡರಲ್ಲಿ ಎಂಟು ಹೋಗಲ್ಲ ಅಂತ ನೀನು ಎಂಟರಲ್ಲಿ ಎರಡು ಕಳೆದು 6 ಬರೆದೆ. ಆಮೇಲೆ 7ರಲ್ಲಿ 3 ಹೋಗಿ 4. ಹಾಗೆ 46 ಬಂತು. 403 − 178ರಲ್ಲೂ ಅಷ್ಟೇ. ಎಂಟರಲ್ಲಿ ಮೂರು, ಏಳರಲ್ಲಿ ಸೊನ್ನೆ, ನಾಲ್ಕರಲ್ಲಿ ಒಂದು. ಪ್ರತಿ ಸಾಲಲ್ಲೂ ದೊಡ್ಡದು ಯಾವುದು ಅಂತ ಹುಡುಕಿ ಅದರಿಂದ ಚಿಕ್ಕದನ್ನ ಕಳೆದಿದ್ದೀಯ. 682 − 351 ಸರಿ ಬಂದಿದ್ದು ಅದಕ್ಕೇ, ಅಲ್ಲಿ ಮೇಲಿನ ಅಂಕಿಗಳೇ ದೊಡ್ಡವು.

‘ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು’ ಅಂತ ಒಂದನೇ ಕ್ಲಾಸಲ್ಲಿ ಯಾರೋ ಹೇಳಿಕೊಟ್ಟಿರ್ತಾರೆ. ಆಗ ಇದ್ದಿದ್ದು 9 − 4 ಥರದ ಲೆಕ್ಕ, ಆ ಮಾತು ಸರಿಯಾಗೇ ಇತ್ತು. ಆದ್ರೆ ಆ ಮಾತು ಇಡೀ ಸಂಖ್ಯೆಗೆ ಹೇಳಿದ್ದು, ಒಂದೊಂದು ಅಂಕಿಗಲ್ಲ. 500 ದೊಡ್ಡದು, 236 ಚಿಕ್ಕದು. ಅಲ್ಲಿಗೆ ಮುಗೀತು. ಒಳಗಿನ ಅಂಕಿಗಳಲ್ಲಿ ಯಾವುದು ದೊಡ್ಡದು ಅಂತ ಮತ್ತೆ ನೋಡೋ ಹಾಗಿಲ್ಲ, ಯಾವಾಗ್ಲೂ ಮೇಲಿನದರಿಂದಾನೇ ಕೆಳಗಿನದು ಹೋಗಬೇಕು.

ಈಗ 100 − 63 ನೋಡು. ಬೇರೆ ಲೆಕ್ಕದ ಹಾಗೇ ಮಾಡಿದ್ರೆ ಮೂರರಲ್ಲಿ ಸೊನ್ನೆ 3, ಆರರಲ್ಲಿ ಸೊನ್ನೆ 6, ಮುಂದಿನ 1 ಹಾಗೇ ಇಳಿದು 163 ಬರಬೇಕಿತ್ತು. ನೀನು 37 ಅಂತ ಬರೆದಿದ್ದೀಯ. ಪಕ್ಕದಲ್ಲಿ ಒಂದು ಗೀಟೂ ಇಲ್ಲ, ಉಜ್ಜಿದ ಗುರುತೂ ಇಲ್ಲ. ಅದನ್ನ ನೀನು ಹಾಳೆ ಮೇಲೆ ಮಾಡೇ ಇಲ್ಲ ಅಲ್ವಾ? ನೂರರ ನೋಟು ತಗೊಂಡು ಚಿಲ್ಲರೆ ಕೊಟ್ಟಿದ್ದೀಯ.

ಹಾಗಾದ್ರೆ 500 − 236 ಕೂಡ ಅಂಗಡೀಲೇ ಮಾಡೋಣ. ಗಿರಾಕಿ 236 ರೂಪಾಯಿ ಹೂವು ತಗೊಂಡು ಐನೂರರ ನೋಟು ಕೊಟ್ರು. ನಿನ್ನ ಉತ್ತರದ ಪ್ರಕಾರ ನೀನು 336 ವಾಪಸ್ ಕೊಡ್ತೀಯ. 236 ರೂಪಾಯಿ ಹೂವು, 336 ರೂಪಾಯಿ ದುಡ್ಡು, ಸೇರಿ 572. ಅವರು ಕೊಟ್ಟಿದ್ದೇ 500. ನಿಮ್ಮಮ್ಮನ ಗಲ್ಲದಿಂದ 72 ರೂಪಾಯಿ ಹೋಯ್ತು! ಅಂಗಡೀಲಿ ನೀನು ಹಾಗೆ ಯಾವತ್ತೂ ಕೊಡಲ್ಲ. 236, ನಾಲ್ಕು ಹಾಕಿದ್ರೆ 240, ಹತ್ತು ಹಾಕಿದ್ರೆ 250, ಐವತ್ತು ಹಾಕಿದ್ರೆ 300, ಎರಡು ನೂರರ ನೋಟು ಹಾಕಿದ್ರೆ 500 ಅಂತ ಗಿರಾಕಿ ಕೈಗೆ ಎಣಿಸ್ತೀಯ. ಕೊಟ್ಟಿದ್ದು 4, 10, 50, 200. ಕೂಡಿಸು, 264.

ಉತ್ತರ ಗೊತ್ತಾಯ್ತು. ಇನ್ನು ಇದೇ 264 ಹಾಳೆ ಮೇಲೆ ಹೇಗೆ ಬರುತ್ತೆ ಅಂತ ನೋಡೋಣ. ಈ ಸಲ ಗಿರಾಕಿ ಬೇಡ. ನಿನ್ನ ಹತ್ರ ಐದು ನೂರರ ನೋಟು ಮಾತ್ರ ಇದೆ, ಹತ್ತರ ನೋಟು ಇಲ್ಲ, ಒಂದು ರೂಪಾಯಿ ಬಿಲ್ಲೆ ಇಲ್ಲ. 5, 0, 0 ಅಂದ್ರೆ ಅದೇ ಅರ್ಥ. ಯಾರಿಗೋ 236 ಕೊಡಬೇಕು. ಮೊದಲು ಆರು ಬಿಲ್ಲೆ ಕೊಡೋಣ ಅಂದ್ರೆ ಬಿಲ್ಲೆ ಇಲ್ಲ. ಹತ್ತರ ನೋಟು ಮುರಿಸೋಣ ಅಂದ್ರೆ ಅದೂ ಇಲ್ಲ. ಆಗ ಏನ್ ಮಾಡ್ತೀಯ? ಒಂದು ನೂರರ ನೋಟನ್ನ ಪಕ್ಕದ ಅಂಗಡೀಲಿ ಮುರಿಸಿ ಹತ್ತು ಹತ್ತರ ನೋಟು ತರ್ತೀಯ. ಅದರಲ್ಲಿ ಒಂದನ್ನ ಮತ್ತೆ ಮುರಿಸಿ ಹತ್ತು ಬಿಲ್ಲೆ ತರ್ತೀಯ. ಈಗ ನಿನ್ನ ಕೈಲಿ ನಾಲ್ಕು ನೂರರ ನೋಟು, ಒಂಬತ್ತು ಹತ್ತರ ನೋಟು, ಹತ್ತು ಬಿಲ್ಲೆ. ಕೂಡಿ ನೋಡು, 400, 90, 10. ಐನೂರು ಐನೂರೇ ಇದೆ, ಚಿಲ್ಲರೆ ಆಗಿದೆ ಅಷ್ಟೇ. ಈಗ ಹತ್ತು ಬಿಲ್ಲೇಲಿ ಆರು ಕೊಟ್ರೆ 4, ಒಂಬತ್ತು ನೋಟಲ್ಲಿ ಮೂರು ಕೊಟ್ರೆ 6, ನಾಲ್ಕು ನೋಟಲ್ಲಿ ಎರಡು ಕೊಟ್ರೆ 2. ಉಳಿದಿದ್ದು 264.

ಶಾಲೇಲಿ 5ನ್ನ ಹೊಡೆದು ಮೇಲೆ 4 ಬರೀತಾರಲ್ಲ, ಸೊನ್ನೆ ಮೇಲೆ 9, ಕೊನೆ ಸೊನ್ನೆ ಮೇಲೆ 10 ಬರೀತಾರಲ್ಲ, ಅದು ಇಷ್ಟೇ. ಅದಕ್ಕೆ ‘ಸಾಲ ತಗೊಳ್ಳೋದು’ ಅಂತಾರೆ, ನನಗೆ ಆ ಮಾತು ಹಿಡಿಸಲ್ಲ. ಸಾಲ ಆದ್ರೆ ವಾಪಸ್ ಕೊಡಬೇಕು. ಇಲ್ಲಿ ಯಾರೂ ಏನೂ ವಾಪಸ್ ಕೊಡ್ತಿಲ್ಲ, ನಮ್ಮದೇ ನೋಟನ್ನ ಮುರಿಸಿಕೊಂಡಿದ್ದೀವಿ. ನೀನು ‘ಮುರಿಸೋದು’ ಅಂತಾನೇ ನೆನಪಿಟ್ಟುಕೋ.

* * *

ಇಲ್ಲಿ ಟಿಪ್ಪಣಿ ನಿಲ್ಲಿಸಿ ಓದುಗರಿಗೆ ಸ್ವಲ್ಪ ಹೇಳಬೇಕು. ಹುಡುಗ ಮಾಡಿರುವುದು ಹೊಸ ತಪ್ಪೇನಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು 1978ರಲ್ಲಿ ಮಕ್ಕಳ ಇಂಥ ತಪ್ಪುಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. ನಾವು ಸಾಫ್ಟ್‌ವೇರ್‌ನವರು ದಿನಾ ಬೈಯುವ ‘ಬಗ್’ ಎಂಬ ಪದವನ್ನೇ ಅವರು ಮಕ್ಕಳ ಲೆಕ್ಕಕ್ಕೂ ಬಳಸಿದರು. ಮಗು ಅಜಾಗರೂಕತೆಯಿಂದ ತಪ್ಪು ಮಾಡುವುದಕ್ಕಿಂತ ಹೆಚ್ಚಾಗಿ, ತನ್ನಲ್ಲಿರುವ ಒಂದು ತಪ್ಪು ವಿಧಾನವನ್ನು ಅಚ್ಚುಕಟ್ಟಾಗಿ ಪಾಲಿಸುತ್ತದೆ ಎಂಬುದು ಅವರ ಮಾತಿನ ಸಾರ. ಪ್ರತಿ ಸಾಲಿನಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯುವುದು ಆ ಬಗ್‌ಗಳಲ್ಲೇ ತುಂಬಾ ಹೆಸರುವಾಸಿ. ಇಂಥ ಮಗುವಿಗೆ ‘ಗಮನ ಇಟ್ಟು ಮಾಡು’ ಅಂದರೆ ಪ್ರಯೋಜನವಿಲ್ಲ. ಅದು ಗಮನ ಇಟ್ಟೇ ಮಾಡಿರುತ್ತದೆ.

ಅಂಗಡಿಯಲ್ಲಿ ಸರಿ, ಹಾಳೆಯಲ್ಲಿ ತಪ್ಪು ಎನ್ನುವುದಕ್ಕೂ ಹಳೆಯ ದಾಖಲೆ ಇದೆ. ಬ್ರೆಜಿಲ್‌ನ ರೆಸೀಫೆ ನಗರದಲ್ಲಿ ಟೆರೆಜಿನ್ಯಾ ನ್ಯೂನೆಸ್ ಮತ್ತು ಜೊತೆಗಾರರು ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಹತ್ತಿರ ಗಿರಾಕಿಗಳಾಗಿ ಹೋಗಿ ಲೆಕ್ಕ ಕೇಳಿದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳ ಉತ್ತರ ನೂರಕ್ಕೆ 98ರಷ್ಟು ಸರಿ ಇತ್ತು. ಅದೇ ಮಕ್ಕಳಿಗೆ ಅದೇ ಥರದ ಲೆಕ್ಕವನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಅದು 37ಕ್ಕೆ ಇಳಿಯಿತು. ನಮ್ಮ ದೇಶದ್ದೇ ಬೇಕೆಂದರೆ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಭಾಗ. ವ್ಯಾಪಾರ ಮಾಡದ ಶಾಲಾ ಮಕ್ಕಳು ಪುಸ್ತಕದ ಲೆಕ್ಕ ಚೆನ್ನಾಗಿ ಮಾಡಿದರೂ ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಅಂದರೆ ಎರಡು ಕಡೆಯ ಲೆಕ್ಕವೂ ತಾನಾಗಿಯೇ ಆ ಕಡೆಯಿಂದ ಈ ಕಡೆಗೆ ದಾಟುವುದಿಲ್ಲ. ಯಾರಾದರೂ ಕೈ ಹಿಡಿದು ದಾಟಿಸಬೇಕು. 500ರ ನೋಟು ಮುರಿಸುವ ಕಥೆಯನ್ನು ನಾನು ಅಷ್ಟು ಎಳೆದಿದ್ದು ಅದಕ್ಕೇ. ಎಣಿಸಿ ಚಿಲ್ಲರೆ ಕೊಡುವುದು ಅವನಿಗೆ ಆಗಲೇ ಗೊತ್ತು. ಆದರೆ ಅದು ಉತ್ತರ ಕೊಡುತ್ತದೆಯೇ ಹೊರತು 5ರ ಮೇಲೆ 4 ಯಾಕೆ ಬರೆಯಬೇಕು ಅಂತ ಹೇಳುವುದಿಲ್ಲ.

ಎರಡನೇ ಬಗ್ ಭಿನ್ನರಾಶಿಯದು. ಅಲ್ಲಿ ಕನ್ನಡವೇ ಅರ್ಧ ಪಾಠ ಮಾಡಿಬಿಡುತ್ತದೆ. ಮತ್ತೆ ಟಿಪ್ಪಣಿಗೆ.

* * *

ಈಗ ಭಿನ್ನರಾಶಿ, ಪುಟ್ಟ. ಮೂರೂ ತಪ್ಪಾಗಿದೆ, ಮೂರಕ್ಕೂ ಕಾರಣ ಒಂದೇ.

1/4 + 1/2 = 2/6
3/4 + 1/8 = 4/12
1/2 + 1/3 = 2/5

ಮೇಲಿನದು ಮೇಲಿನದು ಕೂಡಿಸಿದ್ದೀಯ, ಕೆಳಗಿನದು ಕೆಳಗಿನದು ಕೂಡಿಸಿದ್ದೀಯ. ಮೊದಲನೇ ಲೆಕ್ಕನ ಬಾಯಲ್ಲಿ ಓದು. ಕಾಲು ಮತ್ತು ಅರ್ಧ. ಕಾಲು ಕೆಜಿ ಮಲ್ಲಿಗೆ ತೂಗಿದ ಮೇಲೆ ಇನ್ನೊಂದು ಅರ್ಧ ಕೆಜಿ ಹಾಕು ಅಂದ್ರೆ ಎಷ್ಟಾಯ್ತು ಅಂತ ನಿನ್ನ ಕೇಳಿದ್ರೆ ‘ಮುಕ್ಕಾಲು’ ಅಂತ ಯೋಚನೆನೇ ಮಾಡ್ದೆ ಹೇಳ್ತೀಯ. ಹಾಳೆ ಮೇಲೆ 2/6 ಬರೆದಿದ್ದೀಯ. 2/6 ಅಂದ್ರೆ ಮೂರರಲ್ಲಿ ಒಂದು ಭಾಗ, ಗ್ರಾಂನಲ್ಲಿ ಹೇಳಿದ್ರೆ 333ರ ಹತ್ತಿರ. ನೀನು ಹಾಕಿದ ಅರ್ಧ ಕೆಜಿ ಒಂದೇ 500 ಗ್ರಾಂ ಇದೆ. ತಕ್ಕಡಿಗೆ ಹೂವು ಸೇರಿಸಿದ ಮೇಲೆ ತೂಕ ಕಮ್ಮಿ ಆಗುತ್ತಾ? ಉಳಿದ ಎರಡು ಉತ್ತರನೂ ಹೀಗೇ ನೋಡು. ಮುಕ್ಕಾಲಿಗೆ ಸ್ವಲ್ಪ ಸೇರಿಸಿದ ಮೇಲೆ 4/12, ಅಂದ್ರೆ ಮತ್ತೆ ಮೂರರಲ್ಲಿ ಒಂದು ಭಾಗ ಬಂದಿದೆ. ಅರ್ಧಕ್ಕೆ ಸೇರಿಸಿದ ಮೇಲೆ 2/5 ಬಂದಿದೆ, ಅದು ಅರ್ಧಕ್ಕಿಂತ ಕಮ್ಮಿ. ಕೂಡಿಸಿ ಬಂದ ಉತ್ತರ, ಕೂಡಿಸಿದ್ದರಲ್ಲಿ ದೊಡ್ಡದಕ್ಕಿಂತ ಚಿಕ್ಕದಾದ್ರೆ ಎಲ್ಲೋ ತಪ್ಪಾಗಿದೆ ಅಂತಾನೇ. ಇದನ್ನ ನೋಡೋಕೆ ನಾನು ಬೇಕಾಗಿಲ್ಲ, ಫೋಟೋ ಕಳಿಸೋ ಮುಂಚೆ ನೀನೇ ನೋಡಬಹುದು.

ಯಾಕೆ ತಪ್ಪಾಯ್ತು ಅಂದ್ರೆ, ಕೆಳಗಿನ ಅಂಕಿ ಎಣಿಸೋಕೆ ಇರೋದಲ್ಲ. ಅದು ತುಂಡಿನ ಹೆಸರು. 1/4 ಅಂದ್ರೆ ‘ಕಾಲು’ ಅನ್ನೋ ತುಂಡು ಒಂದು ಇದೆ ಅಂತ. 3/4 ಅಂದ್ರೆ ಅದೇ ತುಂಡು ಮೂರು. ಮೂರು ಕಾಲು, ಮುಕ್ಕಾಲು. ಹೆಸರಲ್ಲೇ ಇದೆ ನೋಡು. ಎರಡು ಮಲ್ಲಿಗೆ ಮೂರು ಸೇವಂತಿಗೆ ಸೇರಿಸಿ ಐದು ಮಲ್ಲಿಗೆ ಅನ್ನೋ ಹಾಗಿಲ್ಲವಲ್ಲ, ಹಾಗೇ ಕಾಲನ್ನೂ ಅರ್ಧವನ್ನೂ ಹಾಗೇ ಸೇರಿಸೋಕೆ ಬರಲ್ಲ. ಮೊದಲು ಹೆಸರು ಒಂದೇ ಆಗಬೇಕು. ಅರ್ಧ ಅಂದ್ರೆ ಎರಡು ಕಾಲು, 2/4. ಈಗ ಒಂದು ಕಾಲಿಗೆ ಎರಡು ಕಾಲು ಸೇರಿಸಿದ್ರೆ ಮೂರು ಕಾಲು. 3/4.

ಎರಡನೆಯದೂ ಹೀಗೇ. 1/8ಕ್ಕೆ ಹಳಬರು ‘ಅರೆಕಾಲು’ ಅಂತಿದ್ರು, ಕಾಲಿನಲ್ಲಿ ಅರ್ಧ. ತಕ್ಕಡೀಲಿ 125 ಗ್ರಾಂ. ಒಂದು ಕಾಲಲ್ಲಿ ಎರಡು ಅರೆಕಾಲು ಇದ್ರೆ ಮುಕ್ಕಾಲಲ್ಲಿ ಆರು ಇರುತ್ತೆ, ಅಂದ್ರೆ 6/8. ಇನ್ನೊಂದು ಸೇರಿಸಿದ್ರೆ 7/8. ಗ್ರಾಂನಲ್ಲಿ ತಾಳೆ ನೋಡು: 750ಕ್ಕೆ 125 ಸೇರಿದ್ರೆ 875, ಅದು ಏಳು ಸಲ 125.

ಮೂರನೆಯದರಲ್ಲಿ ಮಾತ್ರ ತಕ್ಕಡಿ ಕೈ ಕೊಡುತ್ತೆ. ಮೂರರಲ್ಲಿ ಒಂದು ಕೆಜಿ ಅಂತ ಯಾರೂ ಕೇಳಲ್ಲ, ಅಷ್ಟು ತೂಗೋ ಕಲ್ಲೂ ಇಲ್ಲ, ‘ಕಾಲು’ ಥರ ಅದಕ್ಕೊಂದು ಪುಟ್ಟ ಹೆಸರೂ ನಮ್ಮ ಬಾಯಲ್ಲಿಲ್ಲ. ಹೂವು ಬಿಟ್ಟು ಬಾಳೆಹಣ್ಣಿನ ಹತ್ರ ಹೋಗೋಣ. ಅದನ್ನ ಡಜನ್ ಲೆಕ್ಕದಲ್ಲಿ ಮಾರ್ತಾರೆ. ಅರ್ಧ ಡಜನ್ 6 ಹಣ್ಣು, ಡಜನ್‌ನಲ್ಲಿ ಮೂರನೇ ಒಂದು ಭಾಗ 4 ಹಣ್ಣು. ಸೇರಿಸಿದ್ರೆ ಹನ್ನೆರಡರಲ್ಲಿ 10, ಅಂದ್ರೆ 10/12. ಎರಡೆರಡು ಹಣ್ಣನ್ನ ಒಂದು ಗುಂಪು ಮಾಡಿದ್ರೆ ಆರು ಗುಂಪಲ್ಲಿ ಐದು, 5/6. ಡಜನ್ ಯಾಕೆ ಸರಿ ಹೋಯ್ತು ಅಂದ್ರೆ 12ನ್ನ ಎರಡು ಪಾಲೂ ಮಾಡಬಹುದು, ಮೂರು ಪಾಲೂ ಮಾಡಬಹುದು. ಶಾಲೇಲಿ ಲ.ಸಾ.ಅ. ಅಂತ ಹುಡುಕಿಸ್ತಾರಲ್ಲ, ಅದು ಎರಡು ಥರದ ಪಾಲಿಗೂ ಒಗ್ಗೋ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಇಲ್ಲಿ 6 ಇದ್ರೂ ಸಾಕಿತ್ತು. 1/5 ಮತ್ತು 1/7 ಬಂದ್ರೆ ಡಜನ್ನೂ ಸಾಲಲ್ಲ, 35 ಬೇಕು. 35ರ ಕಟ್ಟು ಮಾರ್ಕೆಟ್‌ನಲ್ಲಿ ಯಾರೂ ಮಾರಲ್ಲ. ಅದಕ್ಕೇ ಹಾಳೆ ಮೇಲಿನ ವಿಧಾನ ಬೇಕಾಗೋದು.

* * *

ಈ ಕೊನೆಯ ಮಾತನ್ನು ನಾನು ಅವನ ಅಮ್ಮನಿಗೂ ಹೇಳಿದೆ. ಅವರಿಗೆ ಓದಲು ಪುರುಸೊತ್ತಿಲ್ಲ, ಹಾಗಾಗಿ ವಾಯ್ಸ್ ಮೆಸೇಜ್ ಕಳಿಸಿದೆ. “ನಿಮ್ಮ ಮಗನಿಗೆ ಕಳೆಯೋದು ಬರುತ್ತೆ, ಕೂಡೋದೂ ಬರುತ್ತೆ, ನೀವೇ ಕಣ್ಣಾರೆ ದಿನಾ ನೋಡ್ತೀರ. ಹಾಳೆ ಮೇಲೆ ಎರಡೇ ಕಡೆ ದಾರಿ ತಪ್ತಾನೆ. ಆದ್ರೆ ಅಂಗಡಿ ಲೆಕ್ಕ ಸಾಕು ಅಂತ ಮಾತ್ರ ಬಿಡಿಸಬೇಡಿ, ಅದು ಒಂದು ಹಂತದ ಆಚೆ ಹೋಗಲ್ಲ” ಅಂದೆ. “ಹೌದಾ, ಹಾಗಾದ್ರೆ ಸ್ಕೂಲಲ್ಲಿ ಯಾಕೆ ಹಂಗ್ ಬರ್ದ್ರು?” ಅಂತ ವಾಪಸ್ ಕೇಳಿದರು. ನಲವತ್ತು ಮಕ್ಕಳ ಪುಸ್ತಕ ತಿದ್ದುವವರಿಗೆ ಉತ್ತರ ನೋಡುವುದಕ್ಕೇ ಹೊತ್ತು ಸಾಲುವುದಿಲ್ಲ. ಒಂದೇ ಹಾಳೆ ಮುಂದಿಟ್ಟುಕೊಂಡವಳಿಗೆ ಆರು ತಪ್ಪನ್ನೂ ಪಕ್ಕಪಕ್ಕ ಇಟ್ಟು ನೋಡುವ ಅನುಕೂಲ ಇರುತ್ತದೆ. ಅವರಿಗೂ ಹಾಗೇ ಹೇಳಿದೆ. ಈ ತಿಂಗಳು ಅಂಗಡಿಗೆ ಕೂರಿಸುವ ಮಾತು ನಿಂತಿದೆ. ಮುಂದಿನ ಪರೀಕ್ಷೆ ನೋಡಿಕೊಂಡು ಯೋಚಿಸುತ್ತಾರಂತೆ.

ನನ್ನ ಊಹೆ ಸರಿಯೋ ಎಂದು ತಿಳಿಯಲು ಟಿಪ್ಪಣಿಯ ಕೊನೆಗೆ ಒಂದು ಲೆಕ್ಕ ಇಟ್ಟಿದ್ದೇನೆ: 705 − 268. ಉತ್ತರ 437. ಆದರೆ ಬರಬಹುದಾದ ತಪ್ಪು ಉತ್ತರಗಳನ್ನೂ ಮೊದಲೇ ಡೈರಿಯಲ್ಲಿ ಬರೆದಿಟ್ಟುಕೊಂಡೆ. 563 ಬಂದರೆ ಹಳೆಯ ಬಗ್ ಹಾಗೇ ಇದೆ. 447 ಬಂದರೆ ನೋಟು ಮುರಿಸಿದ್ದಾನೆ, ಆದರೆ ಹತ್ತರ ನೋಟು ಹತ್ತರಿಂದ ಒಂಬತ್ತಕ್ಕೆ ಇಳಿದಿದ್ದನ್ನು ಮರೆತಿದ್ದಾನೆ. 537 ಬಂದರೆ ನೂರರ ನೋಟು ಒಂದು ಕಡಿಮೆಯಾಗಿದ್ದನ್ನು ಮರೆತಿದ್ದಾನೆ. ಕೊನೆಯ ಎರಡು ತಪ್ಪಾದರೂ ನನಗೆ ಸಂತೋಷವೇ, ಅವು ಹೊಸ ವಿಧಾನದೊಳಗಿನ ತಪ್ಪುಗಳು. ಇನ್ಯಾವುದೋ ಸಂಖ್ಯೆ ಬಂದರೆ ನಾನು ಮತ್ತೆ ಫೋಟೋ ದೊಡ್ಡದು ಮಾಡಿ ಕೂರಬೇಕು.

* * *

ಕೊನೆಯದಾಗಿ ಪುಟ್ಟ, ಗುಣಾಕಾರ ಮೂರೂ ಸರಿ ಇದೆ, ಅದರ ಬಗ್ಗೆ ಹೇಳೋಕೆ ಏನಿಲ್ಲ. ತಪ್ಪಾದ ಆರನ್ನೂ ಮತ್ತೆ ಬರೀಬೇಡ. 403 − 178 ಒಂದನ್ನ ಮಾತ್ರ ನೋಟು ಮುರಿಸಿ ಮಾಡು, ಆಮೇಲೆ ಚಿಲ್ಲರೆ ಎಣಿಸೋ ಥರಾನೂ ಮಾಡಿ ಎರಡೂ ಒಂದೇ ಬಂತಾ ನೋಡು. ಬರಲಿಲ್ಲ ಅಂದ್ರೆ ಎಣಿಸಿದ್ದನ್ನ ನಂಬು, ಹಾಳೆ ಮೇಲೆ ತಪ್ಪು ಹುಡುಕು. ಆಮೇಲೆ ಹೊಸದಾಗಿ 705 − 268 ಮಾಡು. ಇದರಲ್ಲೂ ಮಧ್ಯ ಸೊನ್ನೆ ಇದೆ, ಬೇಕಂತಲೇ ಕೊಟ್ಟಿದ್ದೀನಿ. ಮುರಿಸಿದ ಮೇಲೆ ನಿನ್ನ ಕೈಲಿ ಎಷ್ಟು ನೂರು, ಎಷ್ಟು ಹತ್ತು, ಎಷ್ಟು ಬಿಲ್ಲೆ ಇದೆ ಅಂತ ಪಕ್ಕದಲ್ಲಿ ಬರಿ, ಕೂಡಿದ್ರೆ 705 ಆಗಬೇಕು. 9ನೇ ಲೆಕ್ಕದ ಫೋಟೋ ಬೇರೆ ತೆಗೆದು ಕಳಿಸು. ಬುಧವಾರ ರಾತ್ರಿ ಒಳಗೆ ಬಂದ್ರೆ ಸಾಕು, ನಾಳೆ ನಾಳಿದ್ದು ನಿಮಗೆ ಅಂಗಡೀಲಿ ರಶ್ ಇರುತ್ತೆ ಅಂತ ನಿಮ್ಮಮ್ಮ ಹೇಳಿದ್ರು. ರಬ್ಬರ್ ಮಾತ್ರ ಬ್ಯಾಗಲ್ಲೇ ಇರಲಿ.